ವಿಷಯ: ಐಇಎಲ್‌ಟಿಎಸ್ ತರಗತಿ – ನನ್ನ ಗುರಿ, ಕಷ್ಟದ ಭಾಗ, ಪರೀಕ್ಷೆಯ ದಿನ

ನಮಸ್ಕಾರ ಮೇಡಂ,

ಸೋಮವಾರದಿಂದ ನಿಮ್ಮ ತರಗತಿಗೆ ಸೇರುತ್ತಿದ್ದೇನೆ. ಐಇಎಲ್‌ಟಿಎಸ್ ಅಕಾಡೆಮಿಕ್ ಪರೀಕ್ಷೆ ನವೆಂಬರ್ 14ಕ್ಕೆ. ಒಟ್ಟು 7 ಬ್ಯಾಂಡ್ ಬೇಕು, ಯಾವ ವಿಭಾಗವೂ 6.5ಕ್ಕಿಂತ ಇಳಿಯಬಾರದು.

ಲಿಸನಿಂಗ್, ಸ್ಪೀಕಿಂಗ್ ಪರವಾಗಿಲ್ಲ. ಪೆಟ್ಟು ಬೀಳುವುದು ರೈಟಿಂಗ್‌ನಲ್ಲಿ. ಮೊದಲ ಟಾಸ್ಕ್‌ನ ಗ್ರಾಫ್‌ನಲ್ಲಿ ಕಂಡ ಅಂಕಿಗಳನ್ನೆಲ್ಲ ಬರೆಯಹೊರಟು ಅರ್ಧ ಗಂಟೆ ಕಳೆಯುತ್ತದೆ. ಎರಡನೆಯದಕ್ಕೆ 40 ನಿಮಿಷ ಉಳಿಯದೆ 250 ಪದ ಮುಟ್ಟುವುದಿಲ್ಲ. ತೂಕ ಹೆಚ್ಚು ಎರಡನೆಯದಕ್ಕೇ ಅಲ್ಲವೇ, ಅದನ್ನೇ ಮೊದಲು ಬರೆಯಲೇ? ‘ಎ’, ‘ದಿ’ಗಳೂ ಅಲ್ಲಲ್ಲಿ ಬಿಟ್ಟುಹೋಗುತ್ತವೆ.

ರೀಡಿಂಗ್‌ನಲ್ಲಿ ತೊಡಕು ಒಂದೇ: ಪಠ್ಯ ಏನೂ ಹೇಳದಿದ್ದರೂ ‘ನಾಟ್ ಗಿವನ್’ ಬದಲು ‘ಫಾಲ್ಸ್’ ಹಾಕಿಬಿಡುತ್ತೇನೆ.

ಗಡಿಯಾರ ಇಟ್ಟು ಬರೆದ ಎರಡು ಪ್ರಬಂಧ ಲಗತ್ತಿಸಿದ್ದೇನೆ, ತಿದ್ದಿಲ್ಲ. ವಾರದ ದಿನಗಳಲ್ಲಿ ರಾತ್ರಿ 8ರ ನಂತರ ಬಿಡುವಿರುತ್ತೇನೆ.

ವಂದನೆಗಳೊಂದಿಗೆ,
ರಶ್ಮಿ