ಆಲೆಮನೆಯ ಒಲೆ, ಬಾಯಿಯ ಬೆಲ್ಲ: ಸಮಸ್ಥಿತಿಯ ಎರಡು ಬಗೆ

ಪಾಂಡವಪುರದ ಹತ್ತಿರ ನಮ್ಮ ಚಿಕ್ಕಪ್ಪನ ಆಲೆಮನೆ ಇದೆ. ಬೆಳಗಿನ ಜಾವ ಒಲೆ ಹಚ್ಚಿದರೆ ಮಧ್ಯಾಹ್ನದ ಹೊತ್ತಿಗೆ ಕೊಪ್ಪರಿಗೆಯ ಪಕ್ಕ ನಿಲ್ಲುವುದು ಕಷ್ಟ. ಒಣಗಿದ ಕಬ್ಬಿನ ಸಿಪ್ಪೆಯನ್ನು ಒಲೆಗೆ ನೂಕುವವರ ಬನಿಯನ್ ಹಿಂಡಿದರೆ ನೀರು ಸುರಿಯುತ್ತದೆ. ಪಾಕ ಹದಕ್ಕೆ ಬಂದಾಗ ಬಿಸಿ ಬೆಲ್ಲದ ಉಂಡೆಯೊಂದು ಅವರ ಬಾಯಿಗೂ ಹೋಗುತ್ತದೆ. ಹೊರಗಿನಿಂದ ಶಾಖ, ಒಳಗಿನಿಂದ ಸಕ್ಕರೆ. ಆದರೂ ಆರೋಗ್ಯವಂತ ಆಳಿನ ಮೈಬಿಸಿ ಸಂಜೆ 37 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಇರುತ್ತದೆ, ರಕ್ತದ ಸಕ್ಕರೆಯೂ ತನ್ನ ಮಿತಿಗೆ ಮರಳಿರುತ್ತದೆ.

ಹೊರಗೆ ಏನೇ ಆದರೂ ಜೀವಕೋಶಗಳ ಸುತ್ತಲಿನ ಒಳಪರಿಸರ ಸ್ಥಿರವಾಗಿರಬೇಕು ಎಂದು ಮೊದಲು ಹೇಳಿದ್ದು 19ನೇ ಶತಮಾನದ ಫ್ರೆಂಚ್ ವಿಜ್ಞಾನಿ ಕ್ಲೋಡ್ ಬರ್ನಾರ್ಡ್. ಅದಕ್ಕೆ ಹೋಮಿಯೋಸ್ಟಾಸಿಸ್ ಎಂಬ ಹೆಸರು ಕೊಟ್ಟಿದ್ದು ಅಮೆರಿಕದ ವಾಲ್ಟರ್ ಕ್ಯಾನನ್, 1926ರಲ್ಲಿ. ಕನ್ನಡದಲ್ಲಿ ಸಮಸ್ಥಿತಿ ಎನ್ನೋಣ. ನಮ್ಮ ಪಠ್ಯಗಳಲ್ಲಿ ಶಾಖಕ್ಕೂ ಸಕ್ಕರೆಗೂ ಒಂದೇ ಚಿತ್ರ ಬರೆದಿರುತ್ತಾರೆ: ಏರಿದರೆ ಇಳಿಸು, ಇಳಿದರೆ ಏರಿಸು ಎನ್ನುವ ನೆಗೆಟಿವ್ ಫೀಡ್‌ಬ್ಯಾಕ್‌ನ ವೃತ್ತ. ಚಿತ್ರ ತಪ್ಪಲ್ಲ. ಆದರೆ ಪರೀಕ್ಷೆಯಲ್ಲಿ ಆ ಬಾಣಗಳನ್ನು ಬರೆದು ಅಂಕ ತೆಗೆದುಕೊಂಡ ಮೇಲೂ ಈ ಎರಡು ವ್ಯವಸ್ಥೆಗಳು ಎಷ್ಟು ಬೇರೆ ಎಂಬುದು ನನಗೆ ತಿಳಿದಿರಲಿಲ್ಲ.

ಶಾಖದ ಆಡಳಿತಕ್ಕೆ ಒಂದು ಕಚೇರಿ ಇದೆ. ಅದು ಮೆದುಳಿನ ಅಡಿಭಾಗದ ಹೈಪೋಥಲಾಮಸ್. ಚರ್ಮದ ನರತುದಿಗಳು ಅಲ್ಲಿಗೆ ವರದಿ ಕಳಿಸುತ್ತವೆ. ಅಲ್ಲಿ ಹರಿಯುವ ರಕ್ತದ ಬಿಸಿಯನ್ನು ಹೈಪೋಥಲಾಮಸ್ ತಾನೇ ಅಳೆಯುತ್ತದೆ. ಆಜ್ಞೆ ನರಗಳ ಮೂಲಕ ಹೊರಡುವುದರಿಂದ ಕೆಲಸ ಬೇಗ ಆಗುತ್ತದೆ. ಚರ್ಮದ ರಕ್ತನಾಳಗಳು ಅಗಲವಾಗಿ ಮುಖ ಕೆಂಪೇರುತ್ತದೆ, ಬೆವರು ಗ್ರಂಥಿಗಳು ತೆರೆದುಕೊಳ್ಳುತ್ತವೆ. ಗಾಳಿಯೇ ಚರ್ಮಕ್ಕಿಂತ ಬಿಸಿಯಾಗಿರುವ ಒಲೆಯ ಬಾಯಲ್ಲಿ ಮೈಯ ಶಾಖ ತಾನಾಗಿ ಹೊರಹೋಗುವುದಿಲ್ಲ, ಬದಲಿಗೆ ಒಳಗೇ ನುಗ್ಗುತ್ತದೆ. ಆಗ ಉಳಿಯುವ ದಾರಿ ಬೆವರೊಂದೇ.

ಇಲ್ಲೊಂದು ಲೆಕ್ಕ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 2,400 ಕಿಲೋಜೌಲ್ ಶಾಖ ಮೈಬಿಟ್ಟು ಹೋಗುತ್ತದೆ. ಅಷ್ಟೂ ಶಾಖ 60 ಕೆ.ಜಿ. ತೂಕದ ದೇಹದೊಳಗೇ ಉಳಿದರೆ ಮೈಬಿಸಿ ಹತ್ತು ಡಿಗ್ರಿಗೂ ಮೀರಿ ಏರಬೇಕು, ಅಂದರೆ ಬದುಕುಳಿಯುವ ಮಾತೇ ಇಲ್ಲ. ಆದರೆ 'ಆವಿಯಾದರೆ' ಎಂಬ ಮಾತು ಮುಖ್ಯ. ಕೊಪ್ಪರಿಗೆಯಿಂದ ಹಬೆ ಏಳುವ ಕಡೆ ಬೆವರು ಆರುವುದಿಲ್ಲ, ಮೊಣಕೈಯಿಂದ ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ. ಬಿದ್ದ ಹನಿ ಮೈಯನ್ನು ತಂಪು ಮಾಡುವುದಿಲ್ಲ, ನೀರು ಮತ್ತು ಉಪ್ಪಿನ ನಷ್ಟ ಅಷ್ಟೇ. ಅದೇ ಆಳು ಹೊರಗೆ ಹೊಂಗೆ ಮರದ ಕೆಳಗೆ ಬಂದು ನಿಂತು ಗಾಳಿ ಬೀಸಿದ ತಕ್ಷಣ ಜುಮ್ಮೆನ್ನುತ್ತಾನೆ. ಎದ್ದು ನೆರಳಿಗೆ ಬರಬೇಕು ಅನ್ನಿಸುವುದೂ ಸಮಸ್ಥಿತಿಯದೇ ಭಾಗ. ಚಳಿಯಲ್ಲಿ ಇದೆಲ್ಲ ತಿರುಗುಮುರುಗು: ರಕ್ತನಾಳ ಕಿರಿದಾಗುತ್ತದೆ, ಸ್ನಾಯುಗಳು ನಡುಗಿ ಶಾಖ ಹುಟ್ಟಿಸುತ್ತವೆ.

ಸಕ್ಕರೆಗೆ ಇಂಥ ಒಂದೇ ಕಚೇರಿ ಇಲ್ಲ. ಮೊದಲು ಪ್ರಮಾಣ ನೋಡಿ. ಖಾಲಿ ಹೊಟ್ಟೆಯಲ್ಲಿ 100 ಮಿಲಿಲೀಟರ್ ರಕ್ತಕ್ಕೆ 70ರಿಂದ 100 ಮಿಲಿಗ್ರಾಂ ಗ್ಲೂಕೋಸ್ ಇರುತ್ತದೆ. ದೊಡ್ಡವರ ಐದು ಲೀಟರ್ ರಕ್ತದಲ್ಲಿರುವ ಒಟ್ಟು ಗ್ಲೂಕೋಸ್ ನಾಲ್ಕೈದು ಗ್ರಾಂ, ಅಂದರೆ ಒಂದು ಟೀ ಚಮಚ. ಚಿಕ್ಕಪ್ಪ ಕೈಗಿಡುವ ಬೆಲ್ಲದ ಉಂಡೆ 50 ಗ್ರಾಂ ಆದರೂ ಇರುತ್ತದೆ. ಅದರಲ್ಲಿ 40 ಗ್ರಾಂ ಸುಕ್ರೋಸ್ ಎಂದಿಟ್ಟುಕೊಂಡರೂ, ಅದು ಒಡೆದಾಗ ಅರ್ಧದಷ್ಟು, ಸುಮಾರು 20 ಗ್ರಾಂ, ಗ್ಲೂಕೋಸ್ ಆಗುತ್ತದೆ. ಇಡೀ ರಕ್ತದಲ್ಲಿರುವುದರ ನಾಲ್ಕು ಪಟ್ಟು ಒಂದೇ ತುತ್ತಿಗೆ! ಆದರೂ ಆರೋಗ್ಯವಂತರಲ್ಲಿ ಊಟವಾಗಿ ಎರಡು ಗಂಟೆಗೆ ಸಕ್ಕರೆ 140ರೊಳಗೆ ಇರುತ್ತದೆ.

ಇದನ್ನು ಸಾಧಿಸುವುದು ಮೇದೋಜೀರಕ ಗ್ರಂಥಿಯಲ್ಲಿ ಅಲ್ಲಲ್ಲಿ ಚದುರಿದ ಜೀವಕೋಶಗಳ ಗುಂಪುಗಳು. 1869ರಲ್ಲಿ ಪೌಲ್ ಲ್ಯಾಂಗರ್‌ಹ್ಯಾನ್ಸ್ ವಿವರಿಸಿದ್ದರಿಂದ ಅವಕ್ಕೆ ಅವನದೇ ಹೆಸರು. ಅಲ್ಲಿನ ಬೀಟಾ ಕೋಶ ನನ್ನ ಮಟ್ಟಿಗೆ ಈ ಪ್ರಬಂಧದ ನಾಯಕ. ಗ್ಲೂಕೋಸ್ ಒಳಗೆ ಬಂದಷ್ಟೂ ಅದು ಉರಿದು, ಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಎಂಬ ಅಣು ಹೆಚ್ಚುತ್ತದೆ. ಎಟಿಪಿ ಹೆಚ್ಚಿದರೆ ಪೊಟ್ಯಾಸಿಯಂ ಹೊರಹೋಗುವ ಬಾಗಿಲು ಮುಚ್ಚುತ್ತದೆ. ಆಗ ಕ್ಯಾಲ್ಸಿಯಂ ಒಳನುಗ್ಗಿ, ಸಂಗ್ರಹದಲ್ಲಿದ್ದ ಇನ್ಸುಲಿನ್ ರಕ್ತಕ್ಕೆ ಹೊರಬೀಳುತ್ತದೆ. ಅಳೆಯುವವನೂ ತೀರ್ಮಾನಿಸುವವನೂ ಒಂದೇ ಕೋಶ! ಮೇಲಿನವರ ಸಹಿ ಬೇಕಿಲ್ಲ. ನರಗಳೂ ಕರುಳಿನ ಹಾರ್ಮೋನುಗಳೂ ಆಗಾಗ ಕಿವಿಮಾತು ಹೇಳುವುದುಂಟು, ಅಷ್ಟೇ.

ಇನ್ಸುಲಿನ್ ರಕ್ತದಲ್ಲಿ ತೇಲಿ ಹೋಗಿ ಸ್ನಾಯು ಮತ್ತು ಕೊಬ್ಬಿನ ಕೋಶಗಳಿಗೆ ಗ್ಲೂಕೋಸ್ ಒಳಬಿಟ್ಟುಕೊಳ್ಳಲು ಹೇಳುತ್ತದೆ. ಯಕೃತ್ತು ಅದನ್ನು ಗ್ಲೈಕೋಜನ್ ಮಾಡಿ ಕೂಡಿಡುತ್ತದೆ. ಮಳೆಗಾಲದಲ್ಲಿ ಕನ್ನಂಬಾಡಿ ಕಟ್ಟೆ ನೀರು ಹಿಡಿದಿಟ್ಟುಕೊಂಡು ಬೇಸಿಗೆಯಲ್ಲಿ ನಾಲೆಗೆ ಬಿಡುವ ಹಾಗೆ, ರಾತ್ರಿ ಉಪವಾಸದ ಹೊತ್ತಿನಲ್ಲಿ ಆಲ್ಫಾ ಕೋಶಗಳ ಗ್ಲುಕಗಾನ್ ಬಂದು ತೂಬು ಎತ್ತಿಸುತ್ತದೆ. ಗ್ಲುಕಗಾನ್ ಜೊತೆಗೆ ಅಡ್ರಿನಲಿನ್, ಕಾರ್ಟಿಸಾಲ್, ಬೆಳವಣಿಗೆಯ ಹಾರ್ಮೋನ್ ಕೂಡ ಸಕ್ಕರೆ ಏರಿಸುತ್ತವೆ. ಇಳಿಸುವ ಮುಖ್ಯ ಹಾರ್ಮೋನ್ ಇನ್ಸುಲಿನ್ ಒಂದೇ. ಹಸಿವಿನ ಭಯವೇ ಹೆಚ್ಚಾಗಿದ್ದ ಕಾಲದಲ್ಲಿ ರೂಪುಗೊಂಡ ದೇಹ ಇದು ಎಂದು ನನಗೆ ಅನ್ನಿಸುವುದು ಇದನ್ನು ನೋಡಿಯೇ.

ಇನ್ನೊಂದು ವ್ಯತ್ಯಾಸ ಬಿಗಿಯದು. ಮೈಬಿಸಿ ದಿನವಿಡೀ ಹೆಚ್ಚೆಂದರೆ ಒಂದು ಡಿಗ್ರಿಯಷ್ಟು ಅತ್ತಿತ್ತ ಆಗುತ್ತದೆ. ಎರಡು ಡಿಗ್ರಿ ಏರಿದರೆ ಮನೆಯವರೆಲ್ಲ ಹಣೆ ಮುಟ್ಟಿ ನೋಡುತ್ತಾರೆ. ಸಕ್ಕರೆ ಮಾತ್ರ 75ರಿಂದ 135ಕ್ಕೆ ಹೋಗಿ ಬಂದರೂ ನಮಗೆ ಗೊತ್ತೇ ಆಗುವುದಿಲ್ಲ.

ಇವೆರಡರ ಸ್ವಭಾವ ನಿಜವಾಗಿ ಬಯಲಾಗುವುದು ಕಾಯಿಲೆಯಲ್ಲಿ. ಜ್ವರದಲ್ಲಿ ನಿಯಂತ್ರಣ ಕೆಟ್ಟಿರುವುದಿಲ್ಲ. ಸೋಂಕಿನ ಸುದ್ದಿ ಹೊತ್ತ ರಾಸಾಯನಿಕಗಳಿಂದಾಗಿ ಹೈಪೋಥಲಾಮಸ್ ತನ್ನ ಗುರಿಯನ್ನೇ 39ಕ್ಕೆ ಏರಿಸಿಕೊಂಡಿರುತ್ತದೆ. ಆಗ 37 ಡಿಗ್ರಿಯ ಮೈ ಅದಕ್ಕೆ ತಣ್ಣಗೆ ಕಾಣುತ್ತದೆ. ಅದಕ್ಕೇ ನಡುಕ, ಕಂಬಳಿ. ಪ್ಯಾರಸಿಟಮಾಲ್ ಗುರಿಯನ್ನು ಕೆಳಗಿಳಿಸಿದಾಗ ಮೈ ಬೆವರುತ್ತದೆ. "ಬೆವರು ಬುಡ್ತು, ಇನ್ನು ಜ್ವರ ಇಳೀತದೆ" ಎಂದು ನಮ್ಮೂರಲ್ಲಿ ಹೇಳುವುದು ಸರಿಯಾಗಿಯೇ ಇದೆ. ಬಿಸಿಲಾಘಾತ ಹಾಗಲ್ಲ. ಅಲ್ಲಿ ಗುರಿ 37ರಲ್ಲೇ ಇದ್ದು, ಶಾಖ ಹೊರಹಾಕಲಾಗದೆ ಮೈ 40 ದಾಟುತ್ತದೆ. ಆಗ ಬೇಕಾಗುವುದು ಮಾತ್ರೆಯಲ್ಲ, ತಣ್ಣೀರು ಮತ್ತು ಆಸ್ಪತ್ರೆ. ಸಕ್ಕರೆ ಕಾಯಿಲೆ ಇದಕ್ಕೆ ಹತ್ತಿರ, ಜ್ವರಕ್ಕಲ್ಲ. ಟೈಪ್ 1ರಲ್ಲಿ ಬೀಟಾ ಕೋಶಗಳೇ ನಾಶವಾಗಿರುತ್ತವೆ. ಟೈಪ್ 2ರಲ್ಲಿ ಇನ್ಸುಲಿನ್ ಹೇಳಿದ್ದನ್ನು ಕೋಶಗಳು ಸರಿಯಾಗಿ ಕೇಳುವುದಿಲ್ಲ, ಬೀಟಾ ಕೋಶಗಳೂ ದುಡಿದು ಸೋಲುತ್ತವೆ.

ಎರಡು ವ್ಯವಸ್ಥೆಗಳು ಒಂದನ್ನೊಂದು ಸಂಧಿಸುವುದನ್ನು ನಾನು ನೋಡಿದ್ದು ಮನೆಯಲ್ಲೇ. ಅಜ್ಜಿ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಒಂದು ಏಕಾದಶಿಯ ದಿನ ಸೂಜಿ ಚುಚ್ಚಿಕೊಂಡು ಊಟ ಬಿಟ್ಟಿದ್ದರು. ಹನ್ನೊಂದು ಗಂಟೆಗೆ ಜಗುಲಿಯಲ್ಲಿ ಕೂತಿದ್ದವರ ಹಣೆ, ಕತ್ತು ಎಲ್ಲಾ ಬೆವರು. ಸೆಕೆಗೆ ಹೀಗಾಗಿದೆ ಎಂದು ಅಮ್ಮ ಬೀಸಣಿಗೆ ತಂದರು. ನಾನು ಕೈ ಹಿಡಿದೆ. ಮಂಜಿನಷ್ಟು ತಣ್ಣಗೆ, ಜೊತೆಗೆ ಸಣ್ಣ ನಡುಕ. ಬಿಸಿಯಿಂದ ಬಂದ ಬೆವರಾಗಿದ್ದರೆ ಚರ್ಮ ಬೆಚ್ಚಗೆ ಕೆಂಪಗೆ ಇರಬೇಕಿತ್ತು. ಸಕ್ಕರೆ ತೀರಾ ಇಳಿದಾಗ ಮೆದುಳು ಅಪಾಯದ ಗಂಟೆ ಬಾರಿಸುತ್ತದೆ. ಅಡ್ರಿನಲಿನ್ ಎದೆಬಡಿತ ಹೆಚ್ಚಿಸುತ್ತದೆ, ಅದೇ ಗಂಟೆಗೆ ಬೆವರು ಗ್ರಂಥಿಗಳ ನರಗಳೂ ಎಚ್ಚರಗೊಳ್ಳುತ್ತವೆ. ತಂಪು ಮಾಡಲೆಂದಿರುವ ಗ್ರಂಥಿ ಅಲ್ಲಿ ಹಸಿವಿನ ಸುದ್ದಿ ಹೇಳುತ್ತಿತ್ತು.

ಮೀಟರ್ 54 ತೋರಿಸಿತು. "ಏಕಾದಶಿ ಕೆಡ್ತದೆ ಕಣಪ್ಪ" ಎಂದು ಗೊಣಗುತ್ತಲೇ ಅಜ್ಜಿ ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿದರು. ಹದಿನೈದು ನಿಮಿಷಕ್ಕೆ ಮತ್ತೆ ನೋಡಿದಾಗ 88. ಅಷ್ಟರಲ್ಲಿ ಬೆವರು ಆರಿತ್ತು, ಬೀಸಣಿಗೆ ಅಮ್ಮನ ಕೈಯಲ್ಲೇ ಇತ್ತು.