ಬ್ಯಾಕೆಂಡ್ ಡೆವಲಪರ್ ಹುದ್ದೆ BE-1047: ರೆಫರಲ್ ಬಗ್ಗೆ ಒಂದು ವಿನಂತಿ

ಗಂಗಾವತಿ, ಕೊಪ್ಪಳ ಜಿಲ್ಲೆ
12 ನವೆಂಬರ್ 2025

ವಿಜಯಲಕ್ಷ್ಮಿ ಅಕ್ಕನವರಿಗೆ ನಮಸ್ಕಾರಗಳು.

ನನ್ನ ಹೆಸರು ಶರಣಬಸವ. ಬಳ್ಳಾರಿಯಲ್ಲಿ ನೀವು ಓದಿದ ಕಾಲೇಜಿನಲ್ಲೇ, ಅದೇ ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ ನಿಮಗಿಂತ ಎರಡು ವರ್ಷ ಕಿರಿಯನಾಗಿದ್ದೆ. 2019ರಲ್ಲಿ ಸೇರಿ 2023ರಲ್ಲಿ ಬಿ.ಇ. ಮುಗಿಸಿದೆ. ನಿಮ್ಮ ಇಮೇಲ್ ವಿಳಾಸವನ್ನು ವಿಭಾಗದ ನಮ್ಮ ಪ್ರಾಧ್ಯಾಪಕರೊಬ್ಬರು ಕೊಟ್ಟರು. ಕೊಡುವ ಮೊದಲು ಅವರು ನಿಮ್ಮನ್ನು ಕೇಳಿದ್ದರೋ ಇಲ್ಲವೋ ನಾನು ವಿಚಾರಿಸಲಿಲ್ಲ, ವಿಚಾರಿಸಬೇಕಾಗಿತ್ತು. ಈ ವಿಳಾಸಕ್ಕೆ ಇಂಥ ಪತ್ರಗಳು ಬರುವುದು ನಿಮಗೆ ಇಷ್ಟವಿಲ್ಲದಿದ್ದರೆ ದಯವಿಟ್ಟು ಕ್ಷಮಿಸಿ, ಮತ್ತೆ ಬರೆಯುವುದಿಲ್ಲ. ಕಾಲೇಜಿನಲ್ಲಿ ಎಲ್ಲರೂ ನಿಮ್ಮನ್ನು ಅಕ್ಕ ಎಂದೇ ಕರೆಯುತ್ತಿದ್ದುದರಿಂದ ಹಾಗೆಯೇ ಸಂಬೋಧಿಸಿದ್ದೇನೆ. ಆ ಸಲಿಗೆಯ ಮೇಲೆ ಕೆಳಗಿನ ಕೋರಿಕೆಯನ್ನು ಹೊರಿಸುವ ಉದ್ದೇಶ ನನಗಿಲ್ಲ.

ಕೋರಿಕೆ ಇಷ್ಟೇ. ನಿಮ್ಮ ಕಂಪನಿಯ ಉದ್ಯೋಗಗಳ ಪುಟದಲ್ಲಿ ಬೆಂಗಳೂರು ಕಚೇರಿಗೆ ಒಂದರಿಂದ ಮೂರು ವರ್ಷ ಅನುಭವವಿರುವ ಬ್ಯಾಕೆಂಡ್ ಡೆವಲಪರ್ ಬೇಕೆಂದು ಪ್ರಕಟಣೆ ಬಂದಿದೆ. ಹುದ್ದೆ ಸಂಖ್ಯೆ BE-1047, ಅರ್ಜಿ ಸಲ್ಲಿಸಲು ನವೆಂಬರ್ 30 ಕೊನೆಯ ದಿನ. ಈ ಪತ್ರವನ್ನೂ ಜೊತೆಗಿರುವ ಒಂದು ಪುಟದ ರೆಸ್ಯೂಮೆಯನ್ನೂ ಓದಿದ ಮೇಲೆ, ಈ ಹುಡುಗನ ಹೆಸರನ್ನು ಸೂಚಿಸಬಹುದು ಎಂದು ನಿಮಗೇ ಅನ್ನಿಸಿದರೆ, ಮತ್ತು ಹಾಗೆ ಸೂಚಿಸಲು ನಿಮ್ಮ ಕಚೇರಿಯ ನಿಯಮಗಳಲ್ಲಿ ಅವಕಾಶವಿದ್ದರೆ, ನನ್ನನ್ನು ಆ ಹುದ್ದೆಗೆ ರೆಫರ್ ಮಾಡುವಿರಾ ಎಂದು ಕೇಳುತ್ತಿದ್ದೇನೆ.

ನನ್ನ ಪರಿಚಯ ನಿಮಗಿದೆ ಎಂದು ನಾನು ಭಾವಿಸಿಲ್ಲ. ನಾವು ಒಟ್ಟಿಗೆ ಕೆಲಸ ಮಾಡಿದ್ದು ಒಂದೇ ದಿನ, 2020ರ ಫೆಬ್ರವರಿಯಲ್ಲಿ ನಡೆದ ಟೆಕ್ ಫೆಸ್ಟ್‌ನ ನೋಂದಣಿ ಕೌಂಟರಿನಲ್ಲಿ. ನೀವು ಮೂರನೇ ವರ್ಷದಲ್ಲಿದ್ದಿರಿ, ನಾನು ಮೊದಲನೇ ವರ್ಷದ ಸ್ವಯಂಸೇವಕ. ಎರಡು ಮೇಜುಗಳಲ್ಲಿ ಕೂತಿದ್ದ ನಾವು ಒಂದೇ ನೋಂದಣಿ ಸಂಖ್ಯೆಯನ್ನು ಇಬ್ಬಿಬ್ಬರಿಗೆ ಕೊಡುತ್ತ ಹೋಗಿ, ಮಧ್ಯಾಹ್ನದ ಹೊತ್ತಿಗೆ ಪಟ್ಟಿಯೆಲ್ಲ ಗೋಜಲಾಗಿತ್ತು. ನೀವು ಬಂದು ಯಾರನ್ನೂ ಗದರದೆ, ಒಂದು ಮೇಜಿಗೆ 1ರಿಂದ 500, ಇನ್ನೊಂದಕ್ಕೆ 501ರಿಂದ ಮುಂದೆ ಎಂದು ಹಂಚಿಕೊಟ್ಟು ಹೋದಿರಿ. ಮುಂದಿನ ತಿಂಗಳೇ ಲಾಕ್‌ಡೌನ್ ಬಂದು ಕಾಲೇಜು ಮುಚ್ಚಿತು; ನೀವು ಮುಗಿಸಿ ಹೋಗುವವರೆಗೆ ಮತ್ತೆ ಮಾತಾಡುವ ಸಂದರ್ಭ ಬರಲಿಲ್ಲ. ಇದು ನಿಮಗೆ ನೆನಪಿರಬೇಕಾದ ಸಂಗತಿಯಲ್ಲ. ನನಗೆ ಅದು ಮತ್ತೆ ನೆನಪಾಗಲು ಬೇರೆ ಕಾರಣ ಬಂತು, ಅದೇ ನನ್ನ ಈಗಿನ ಕೆಲಸ.

2024ರ ಏಪ್ರಿಲ್‌ನಿಂದ ಗಂಗಾವತಿಯಲ್ಲಿ ನಾಲ್ಕು ಜನರ ಒಂದು ಸಣ್ಣ ಸಂಸ್ಥೆಯಲ್ಲಿದ್ದೇನೆ. ರೈಸ್ ಮಿಲ್ಲುಗಳ ವೇಬ್ರಿಡ್ಜ್‌ಗೆ ಬೇಕಾದ ತೂಕದ ಚೀಟಿ ಮತ್ತು ಲೆಕ್ಕದ ಸಾಫ್ಟ್‌ವೇರ್ ನಮ್ಮದು. ಭತ್ತದ ಲಾರಿ ಒಳಗೆ ಬರುವಾಗ ಒಂದು ತೂಕ, ಇಳಿಸಿ ಹೋಗುವಾಗ ಇನ್ನೊಂದು ತೂಕ, ಎರಡರ ವ್ಯತ್ಯಾಸದಿಂದ ತೇವಾಂಶದ ಕಡಿತ ಕಳೆದು ರೈತನ ಹಣ. ಕೇಳಲು ಇಷ್ಟು ಸರಳವಾದ ಕೆಲಸದಲ್ಲಿ ನಾನು ಕಲಿತದ್ದು ಕಾಲೇಜಿನಲ್ಲಿ ಕಲಿತದ್ದಕ್ಕಿಂತ ಹೆಚ್ಚು. ಎರಡು ಗೇಟುಗಳಿರುವ ಒಂದು ಮಿಲ್ಲಿನಲ್ಲಿ ನೆಟ್‌ವರ್ಕ್ ಹೋದಾಗಲೆಲ್ಲ ಎರಡೂ ಕಂಪ್ಯೂಟರುಗಳು ತಮ್ಮ ತಮ್ಮ ಕೊನೆಯ ಸಂಖ್ಯೆಗೆ ಒಂದನ್ನು ಕೂಡಿಸಿ ಚೀಟಿ ಕೊಡುತ್ತಿದ್ದವು, ಒಂದೇ ಸಂಖ್ಯೆಯ ಎರಡು ಚೀಟಿ ಹಿಡಿದು ಇಬ್ಬರು ರೈತರು ಗುಮಾಸ್ತರ ಮುಂದೆ ನಿಂತಾಗಲೇ ಅದು ಗೊತ್ತಾದದ್ದು. ಸಂಖ್ಯೆ ಕೊಡುವ ಹೊಣೆಯನ್ನು ನಾನು ಡೇಟಾಬೇಸಿಗೇ ವಹಿಸಿ, ಒಂದೇ ಸಂಖ್ಯೆ ಎರಡು ಸಲ ದಾಖಲಾಗದಂತೆ ಅಲ್ಲಿಯೇ ನಿರ್ಬಂಧ ಹಾಕಿದೆ. ಸಂಪರ್ಕ ಕಡಿದಾಗ ಬಳಸಲೆಂದು ಗೇಟಿಗೊಂದರಂತೆ ಪ್ರತ್ಯೇಕ ಸರಣಿಯನ್ನು ಮೊದಲೇ ಹಂಚಿಟ್ಟೆ. ಆ ರಾತ್ರಿ ಮನೆಗೆ ಹೋಗುವಾಗ ನಿಮ್ಮ 501 ನೆನಪಾಯಿತು.

ಇನ್ನೊಂದು ತೊಂದರೆ ತೂಕದ್ದೇ. ಇಂಡಿಕೇಟರ್‌ನಿಂದ ಸೀರಿಯಲ್ ಪೋರ್ಟಿನ ಮೂಲಕ ಸೆಕೆಂಡಿಗೆ ಹಲವು ಸಲ ರೀಡಿಂಗ್ ಬರುತ್ತದೆ, ಲಾರಿ ಇನ್ನೂ ಅಲುಗಾಡುತ್ತಿರುವಾಗಲೇ ಹಳೆಯ ಪ್ರೋಗ್ರಾಂ ಮೊದಲು ಬಂದ ಅಂಕಿಯನ್ನು ಹಿಡಿದುಬಿಡುತ್ತಿತ್ತು. ಸತತ ಹತ್ತು ರೀಡಿಂಗ್ ಒಂದೇ ಆಗಿದ್ದರೆ ಮಾತ್ರ ತೂಕವನ್ನು ಒಪ್ಪುವಂತೆ ಬದಲಿಸಿ, ಆ ಹತ್ತನ್ನೂ ಲಾಗ್‌ನಲ್ಲಿ ಉಳಿಸಿದೆ. ತಕರಾರು ಬಂದರೆ ಈಗ ಲಾಗ್ ತೆರೆದು ತೋರಿಸುತ್ತಾರೆ. ಮಿಲ್ಲಿನ ಕೋಡ್ ಮತ್ತು ಲೆಕ್ಕ ನಮ್ಮ ಗ್ರಾಹಕರದ್ದಾದ್ದರಿಂದ ಅದನ್ನು ಯಾರಿಗೂ ತೋರಿಸುವಂತಿಲ್ಲ. ಇದೇ ಎರಡು ಸಮಸ್ಯೆಗಳನ್ನು ಕಲ್ಪಿತ ಲಾರಿ, ಕಲ್ಪಿತ ತೂಕ ಇಟ್ಟುಕೊಂಡು ರಜಾದಿನಗಳಲ್ಲಿ ಹೊಸದಾಗಿ ಬರೆದು ಗಿಟ್‌ಹಬ್‌ನಲ್ಲಿ ಹಾಕಿದ್ದೇನೆ. ಕೊಂಡಿ ರೆಸ್ಯೂಮೆಯಲ್ಲಿದೆ. ಪೂರ್ತಿ ನೋಡಲು ಸಮಯವಿಲ್ಲದಿದ್ದರೆ, ಚೀಟಿ ಸಂಖ್ಯೆಯ ಪರೀಕ್ಷೆಗಳಿರುವ ಫೈಲು ಒಂದನ್ನೇ ನೋಡಿದರೂ ನಾನು ಹೇಗೆ ಬರೆಯುತ್ತೇನೆ ಎಂಬುದು ತಿಳಿಯುತ್ತದೆ.

ಕೊರತೆಗಳನ್ನೂ ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ರೆಫರ್ ಮಾಡಿದ ಮೇಲೆ ಅವು ನಿಮಗೆ ಬೇರೆಯವರ ಬಾಯಿಂದ ತಿಳಿಯಬಾರದು. ಪ್ರಕಟಣೆಯಲ್ಲಿ ಕೇಳಿರುವ ಜಾವಾ, ಸ್ಪ್ರಿಂಗ್ ಬೂಟ್ ಮತ್ತು ಪೋಸ್ಟ್‌ಗ್ರೆಸ್ ನನ್ನ ದಿನನಿತ್ಯದ ಕೆಲಸ. ಕ್ಯೂಬರ್ನೆಟಿಸ್ ಅನುಭವ ಇದ್ದರೆ ಒಳ್ಳೆಯದು ಎಂದಿದ್ದಾರೆ, ಅದು ನನಗಿಲ್ಲ; ನಮ್ಮ ಸಾಫ್ಟ್‌ವೇರ್ ಓಡುವುದು ಮಿಲ್ಲಿನ ಕಚೇರಿಯಲ್ಲಿ ಫ್ಯಾನಿನ ಕೆಳಗೆ ಇಟ್ಟ ಒಂದೇ ಕಂಪ್ಯೂಟರಿನಲ್ಲಿ. ನನ್ನ ಸಿಜಿಪಿಎ 7.1. ಮೂರನೇ ಸೆಮಿಸ್ಟರಿನ ಗಣಿತವನ್ನು ಎರಡನೇ ಪ್ರಯತ್ನದಲ್ಲಿ ಪಾಸು ಮಾಡಿದೆ, ಈಗ ಯಾವುದೂ ಬಾಕಿಯಿಲ್ಲ. ಪದವಿಯ ನಂತರ ಎಂಟು ತಿಂಗಳು ಕೆಲಸವಿರಲಿಲ್ಲ, ರೆಸ್ಯೂಮೆಯಲ್ಲಿ ಆ ಅಂತರವನ್ನು ಮುಚ್ಚಿಲ್ಲ. ಇಂಗ್ಲಿಷಿನಲ್ಲಿ ಬರೆಯುವುದು ಸುಲಭವಾಗಿದೆ, ಸಂದರ್ಶನದಲ್ಲಿ ಮಾತಾಡುವಾಗ ಮೊದಲ ಐದು ನಿಮಿಷ ತಡವರಿಸುತ್ತೇನೆ.

ಈ ಊರಿನಲ್ಲೇ ಇದ್ದುಬಿಡಬಾರದೇಕೆ ಎಂದು ನೀವು ಕೇಳಬಹುದು. ಮನೆಯಲ್ಲಿಯೂ ಕೇಳುತ್ತಾರೆ, ನಮ್ಮ ಭಾಗಕ್ಕೆ 371(ಜೆ) ಮೀಸಲಾತಿ ಇರುವಾಗ ಸರ್ಕಾರಿ ಪರೀಕ್ಷೆಗೆ ಓದುವುದು ಬಿಟ್ಟು, ಆ ಮೀಸಲಾತಿ ಲೆಕ್ಕಕ್ಕೇ ಬಾರದ ಖಾಸಗಿ ಕಂಪನಿಯ ಹಿಂದೆ ಯಾಕೆ ಬಿದ್ದಿದ್ದೀ ಎಂಬುದು ನಮ್ಮಪ್ಪನ ವಾದ. ಇಲ್ಲಿ ನಾನು ಬರೆದ ಕೋಡನ್ನು ಓದಿ ತಪ್ಪು ತೋರಿಸುವವರು ಯಾರೂ ಇಲ್ಲ ಎಂಬುದೇ ನನ್ನ ಕಾರಣ. ಚೀಟಿಯ ತಪ್ಪನ್ನು ಕೂಡ ಕಂಡುಹಿಡಿದವರು ಗುಮಾಸ್ತರು. ಇನ್ನೂ ಎರಡು ವರ್ಷ ಹೀಗೆಯೇ ಕಳೆದರೆ ನನ್ನ ತಪ್ಪುಗಳೇ ನನಗೆ ಅಭ್ಯಾಸವಾಗುತ್ತವೆ ಎಂಬ ಭಯವಿದೆ.

ಇನ್ನು ರೆಫರಲ್ ವಿಷಯ. ಅನೇಕ ಕಂಪನಿಗಳಲ್ಲಿ ಅಭ್ಯರ್ಥಿ ಒಮ್ಮೆ ನೇರವಾಗಿ ಅರ್ಜಿ ಹಾಕಿದರೆ ಅದೇ ಹುದ್ದೆಗೆ ಒಳಗಿನವರ ರೆಫರಲ್ ದಾಖಲಾಗುವುದಿಲ್ಲ ಎಂದು ಕೇಳಿದ್ದೇನೆ, ಆದ್ದರಿಂದ ಇನ್ನೂ ಅರ್ಜಿ ಹಾಕಿಲ್ಲ. ರೆಫರ್ ಮಾಡುವ ಫಾರ್ಮಿನಲ್ಲಿ ಅಭ್ಯರ್ಥಿಯ ಪರಿಚಯ ಹೇಗೆ, ಅವರ ಕೆಲಸವನ್ನು ನೋಡಿದ್ದೀರಾ ಎಂಬ ಪ್ರಶ್ನೆಗಳಿರುವುದು ಸಾಮಾನ್ಯ. ನನ್ನ ಕೆಲಸವನ್ನು ನೀವು ನೋಡಿಲ್ಲ. ಅಲ್ಲಿ ನನಗಾಗಿ ಇಲ್ಲದ ಮಾತನ್ನು ಬರೆಯುವ ಮುಜುಗರ ನಿಮಗೆ ಬೇಡ. ಒಂದೇ ಕಾಲೇಜು, ಎರಡು ವರ್ಷ ಕಿರಿಯ, ಕೋಡ್ ನೋಡಿದ್ದರೆ ನೋಡಿದಷ್ಟು, ಇಷ್ಟೇ ಬರೆದರೂ ನನಗೆ ಉಪಕಾರವೇ. ನಿಮ್ಮ ಹೆಸರಿನ ಮೇಲೆ ಹೋಗುವ ಅರ್ಜಿಯಾದ್ದರಿಂದ ನಿಮ್ಮ ಮನಸ್ಸಿಗೆ ಸಣ್ಣ ಅಳುಕಿದ್ದರೂ ಬೇಡವೆನ್ನಿ. ಕಾರಣ ಹೇಳಬೇಕಿಲ್ಲ. ರೆಫರ್ ಮಾಡಿದರೂ ಆಯ್ಕೆಯ ಬಗ್ಗೆ ಯಾರನ್ನೂ ವಿಚಾರಿಸಿ, ಯಾರಿಗೂ ಹೇಳಿ ಎಂದು ನಿಮ್ಮನ್ನು ಕೇಳುವುದಿಲ್ಲ.

ರೆಫರಲ್ ಸಾಧ್ಯವಿಲ್ಲ, ಆದರೆ ಎರಡು ನಿಮಿಷ ಬಿಡುವಿದೆ ಎಂದಾದರೆ, ಈ ಹುದ್ದೆ ನನ್ನಂಥವನಿಗೆ ಹೊಂದುತ್ತದೆಯೇ ಅಥವಾ ಮೊದಲು ಏನನ್ನಾದರೂ ಕಲಿತು ಬರಬೇಕೇ ಎಂದು ಒಂದು ಸಾಲು ಬರೆದರೂ ಸಾಕು. ಅದಕ್ಕೂ ಬಿಡುವಿಲ್ಲದಿದ್ದರೆ ಉತ್ತರ ಬರೆಯುವ ಹಂಗೂ ಬೇಡ. ನವೆಂಬರ್ 24ರ ಸೋಮವಾರದವರೆಗೆ ಕಾದು, ಅಷ್ಟರಲ್ಲಿ ನಿಮ್ಮಿಂದ ಏನೂ ಬರದಿದ್ದರೆ ಮರುದಿನ ಕಂಪನಿಯ ಪುಟದಲ್ಲಿ ನೇರವಾಗಿ ಅರ್ಜಿ ಹಾಕುತ್ತೇನೆ, ಆ ಅರ್ಜಿಯಲ್ಲಿ ನಿಮ್ಮ ಹೆಸರನ್ನು ಎಲ್ಲಿಯೂ ಬರೆಯುವುದಿಲ್ಲ. ಜ್ಞಾಪಿಸುವ ಪತ್ರ ಅಥವಾ ಫೋನ್ ನನ್ನಿಂದ ಬರುವುದಿಲ್ಲ, ಪ್ರಾಧ್ಯಾಪಕರಿಂದ ಹೇಳಿಸುವುದೂ ಇಲ್ಲ.

ನಿಮಗೆ ಒಪ್ಪಿಗೆಯಿದ್ದರೆ ಫಾರ್ಮಿಗೆ ಬೇಕಾಗಬಹುದಾದ ವಿವರಗಳು ಒಂದೇ ಕಡೆ ಸಿಗಲೆಂದು ಹುದ್ದೆಯ ಸಂಖ್ಯೆ, ನನ್ನ ಪೂರ್ಣ ಹೆಸರು, ಫೋನ್, ಪದವಿಯ ವರ್ಷ ಮತ್ತು ಇಂಗ್ಲಿಷಿನಲ್ಲಿ ನಾಲ್ಕು ಸಾಲಿನ ಪರಿಚಯವನ್ನು ರೆಸ್ಯೂಮೆಯ ಜೊತೆ ಬೇರೆ ಫೈಲಿನಲ್ಲಿ ಲಗತ್ತಿಸಿದ್ದೇನೆ. ಆ ನಾಲ್ಕು ಸಾಲನ್ನು ನೀವು ಹಾಗೆಯೇ ಬಳಸಬೇಕೆಂದಿಲ್ಲ, ಒಪ್ಪದ ಮಾತಿದ್ದರೆ ಹೊಡೆದುಹಾಕಿ. ನನ್ನ ನೋಟಿಸ್ ಅವಧಿ ಎರಡು ತಿಂಗಳು. ಈಗ ಮುಂಗಾರಿನ ಭತ್ತ ಮಿಲ್ಲುಗಳಿಗೆ ಬರುವ ಕಾಲವಾದ್ದರಿಂದ ಅದನ್ನು ಕಡಿಮೆ ಮಾಡಿ ಎಂದು ನಮ್ಮ ಮಾಲೀಕರನ್ನು ಕೇಳಲು ನನಗೆ ಮನಸ್ಸಿಲ್ಲ. ಬೇಗ ಸೇರುವವರೇ ಬೇಕೆಂದಿದ್ದರೆ ನಾನು ಸರಿಹೊಂದುವುದಿಲ್ಲ, ಅದನ್ನೂ ಪರಿಗಣಿಸಿ. ನಾನು ಬೇರೆ ಕೆಲಸ ಹುಡುಕುತ್ತಿರುವುದು ಅವರಿಗೆ ಇನ್ನೂ ತಿಳಿದಿಲ್ಲ. ಹೀಗಾಗಿ ಕಾಲೇಜಿನ ಗುಂಪುಗಳಲ್ಲಿ ಈ ವಿಷಯ ಪ್ರಸ್ತಾಪವಾಗದಂತೆ ನೋಡಿಕೊಂಡರೆ ಉಪಕಾರವಾಗುತ್ತದೆ. ಗಂಗಾವತಿ ಸಣ್ಣ ಊರು, ಸುದ್ದಿಗೆ ಬಸ್ಸು ಬೇಕಾಗುವುದಿಲ್ಲ.

ಇಷ್ಟು ದೀರ್ಘವಾಗಿ ಬರೆದುದಕ್ಕೆ ಕ್ಷಮೆಯಿರಲಿ. ಚಿಕ್ಕದಾಗಿ ಬರೆದಿದ್ದರೆ ವಿವರ ಕೇಳಲು ನೀವೇ ಮರಳಿ ಬರೆಯಬೇಕಾಗುತ್ತಿತ್ತು.

ವಂದನೆಗಳೊಂದಿಗೆ,
ಶರಣಬಸವ
ಬಿ.ಇ., ಕಂಪ್ಯೂಟರ್ ಸೈನ್ಸ್, 2019–23ರ ಬ್ಯಾಚ್

ಲಗತ್ತು: ರೆಸ್ಯೂಮೆ, ಒಂದು ಪುಟ; ಅರ್ಜಿಯ ವಿವರಗಳು, ಒಂದು ಪುಟ