ಹದ ಬೇಕರಿ: ಲೋಗೋ ಪರಿಕಲ್ಪನೆ

ಮೈಸೂರಿನ ಸರಸ್ವತಿಪುರಂನಲ್ಲಿ ಹತ್ತಡಿ ಮುಖದ ಮಳಿಗೆ. ಹೆಚ್ಚು ಹೋಗುವುದು ಬೆಣ್ಣೆ ಬನ್, ಆಮೇಲೆ ಖಾರ ಬನ್, ದಿಲ್‌ಪಸಂದ್. ಲೋಗೋ ಕೂರಬೇಕಾದ ಜಾಗ ನಾಲ್ಕು: ಬೋರ್ಡು, ಕ್ರಾಫ್ಟ್ ಕವರು, ಕೇಕ್ ಡಬ್ಬಿಗೆ ಒತ್ತುವ ರಬ್ಬರ್ ಸೀಲು, ಮೊಬೈಲಿನ ಪುಟ್ಟ ಚಿತ್ರ. ಈ ನಾಲ್ಕರಲ್ಲಿ ಸೀಲೇ ಕಷ್ಟದ್ದು. ಅದರಲ್ಲಿ ನಿಲ್ಲದ ಗೆರೆಯನ್ನು ಮೊದಲೇ ಬಿಟ್ಟಿದ್ದೇವೆ.

ಆಕಾರ

ಚಾಕು ಹಾಕಿ, ಪೂರ್ತಿ ಕತ್ತರಿಸದೆ ಬಿಟ್ಟ ಒಂದು ಬನ್. ಅಷ್ಟೇ. ಗ್ರಾಫ್ ಹಾಳೆಯಲ್ಲಿ 24 ಮನೆ ಅಗಲ, 15 ಮನೆ ಎತ್ತರ. ಮೇಲ್ಭಾಗ ಗುಮ್ಮಟ, ತಳ ಚಪ್ಪಟೆ, ತಳದ ಎರಡು ಮೂಲೆಗೆ 3 ಮನೆಯಷ್ಟು ದುಂಡು. ತಳದಿಂದ 5 ಮನೆ ಮೇಲೆ, ಬಲ ಅಂಚಿನಿಂದ ಒಳಕ್ಕೆ 16 ಮನೆ ಉದ್ದದ ಒಂದು ಸೀಳು. ದಪ್ಪ 2 ಮನೆ, ಒಳತುದಿ ದುಂಡಗೆ. ಎಡಗಡೆ 8 ಮನೆ ಅಂಟಿಕೊಂಡೇ ಇರುತ್ತದೆ.

ಅಂಟು ಬಿಡಿಸಿ ಸೀಳನ್ನು ಆಚೆಗೂ ಎಳೆದರೆ ಬನ್ ಹೋಗಿ ಬರ್ಗರ್ ಆಗುತ್ತದೆ. ಸೀಳು ಹೊರಗೆ ಅಗಲ, ಒಳಗೆ ಕಿರಿದಾದರೆ ಬಾಯಿ ತೆರೆದ ಗೊಂಬೆಮುಖ. ಅದಕ್ಕೇ ಸೀಳಿನ ಎರಡೂ ಅಂಚು ಸಮಾನಾಂತರ. ಅಂಟಿಕೊಂಡಿರುವುದರಿಂದ ಇನ್ನೊಂದು ಲಾಭ: ಬೋರ್ಡಿನ ಅಕ್ರಿಲಿಕ್ ಆಕಾರ ಒಂದೇ ತುಂಡಾಗಿ ಕತ್ತರಿಸಿ ಬರುತ್ತದೆ, ಕೆಳಗಿನ ಪಟ್ಟಿಗೆ ಬೇರೆ ಸ್ಕ್ರೂ ಬೇಡ.

ಎಳ್ಳು, ಹಬೆಯ ಗೆರೆ, ಗೋಧಿ ತೆನೆ, ಬಾಣಸಿಗನ ಟೋಪಿ, ಲಟ್ಟಣಿಗೆ, ನೆರಳು ಯಾವುದೂ ಇಲ್ಲ. ಗೋಧಿ ತೆನೆಯಂತೂ ಊರಿನ ಅರ್ಧ ಬೇಕರಿಗಳ ಮೇಲಿದೆ.

ಬಣ್ಣ

ಮಸಿ ಒಂದೇ: ಚೆನ್ನಾಗಿ ಬೆಂದ ಬನ್ನಿನ ಮೇಲ್ಪದರದ ಕಂದು, `#7A3E12`. ಹಿನ್ನೆಲೆ ಕೆನೆ ಬಣ್ಣ, `#FFF4DC`. ಇವೆರಡರ ನಡುವಿನ ಕಾಂಟ್ರಾಸ್ಟ್ 7:1 ದಾಟುತ್ತದೆ, ರಸ್ತೆಯ ಆಚೆಯಿಂದಲೂ ಓದಲು ತೊಂದರೆಯಿಲ್ಲ. ಸೀಳಿಗೆ ಬೆಣ್ಣೆಯ ಹಳದಿ ತುಂಬುವ ಆಸೆ ನಿಮಗೂ ಬರಬಹುದು, ನಮಗೂ ಬಂದಿತ್ತು. ಆದರೆ ಎರಡನೇ ಬಣ್ಣವೆಂದರೆ ಅಚ್ಚು ಹಾಕಲು ಎರಡನೇ ಸ್ಕ್ರೀನು. ಕವರು ಅರ್ಧ ಮಿಲಿಮೀಟರ್ ಸರಿದರೂ ಹಳದಿ ಒಂದು ಕಡೆ ಇಣುಕಿ, ಇನ್ನೊಂದು ಕಡೆ ಬರಿಜಾಗ ಉಳಿಯುತ್ತದೆ. ಸೀಳಿನಲ್ಲಿ ಏನೂ ಅಚ್ಚಾಗುವುದಿಲ್ಲ, ಕಾಗದವೇ ಬೆಣ್ಣೆ.

ಕ್ರಾಫ್ಟ್ ಕವರಿನ ಮೇಲೆ ಈ ಕಂದು ಮಂಕಾಗುತ್ತದೆ. ಅಲ್ಲಿ ಕಪ್ಪು ಮಸಿ ಬಳಸಿ. ಬಿಸಿ ಬನ್ನಿನ ಜಿಡ್ಡು ಕವರಿನ ತಳದಲ್ಲಿ ಇಳಿಯುತ್ತದೆ, ಆದ್ದರಿಂದ ಲೋಗೋ ಮೇಲಿನ ಮೂರನೇ ಒಂದು ಭಾಗದಲ್ಲೇ ಇರಲಿ.

ಒಂದು ಎಚ್ಚರಿಕೆ. ಈ ಕಂದು ಬನ್ನನ್ನು ಕಂದು ಚೌಕದ ಒಳಗೆ ಯಾವತ್ತೂ ಇಡಬೇಡಿ. ಪೊಟ್ಟಣಗಳ ಮೇಲಿನ ಮಾಂಸಾಹಾರದ ಗುರುತು ಕಂದು ಚೌಕದೊಳಗಿನ ಕಂದು ತ್ರಿಕೋನ. ಎಗ್‌ಲೆಸ್ ಕೇಕು ಕೇಳಿ ಬಂದವರು ಡಬ್ಬಿಯನ್ನು ದೂರದಿಂದ ನೋಡಿ ಗಲಿಬಿಲಿಗೊಳ್ಳಬಾರದು.

ಅಕ್ಷರ

'ಹದ' ಎಂಬ ಎರಡೇ ಅಕ್ಷರ, ಗೆರೆಯ ದಪ್ಪ ಸೀಳಿನಷ್ಟೇ, 2 ಮನೆ. ಬನ್ನಿನ ಬಲಕ್ಕೆ 3 ಮನೆ ಬಿಟ್ಟು, ಬನ್ನಿನ ತಳಕ್ಕೆ ಸರಿಯಾಗಿ ಕೂರುತ್ತದೆ. ಆಧುನಿಕವಾಗಿ ಕಾಣಲೆಂದು ತಲೆಕಟ್ಟು ಹಾರಿಸಬೇಡಿ. ಬನ್ನಿಗೆ ಹೊಂದಲೆಂದು 'ದ'ದ ಕೆಳಗೆ ಸೀಳು ಹಾಕುವುದಂತೂ ಬೇಡವೇ ಬೇಡ. ಅದು 'ಧ' ಆಗಿ ಹೆಸರು 'ಹಧ' ಎಂದು ಓದಿಸಿಕೊಳ್ಳುತ್ತದೆ. ಬೋರ್ಡಿನಲ್ಲಿ ಕನ್ನಡ ಹೆಸರು ಮೇಲೆ, ದೊಡ್ಡದಾಗಿ. ಇಂಗ್ಲಿಷ್ ಕೆಳಗೆ ಸಣ್ಣದಾಗಿ. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ 2024ರ ತಿದ್ದುಪಡಿಗೂ ಇದು ಹೊಂದುತ್ತದೆ.

ಅಳತೆಯ ಮಿತಿ

8 ಅಡಿ × 2 ಅಡಿ ಬೋರ್ಡಿಗೆ ಒಂದು ಮನೆ ಎಂದರೆ ಒಂದು ಇಂಚು: ಬನ್ 24 ಇಂಚು ಅಗಲ, ಸೀಳು 2 ಇಂಚು. ಅಚ್ಚಿನಲ್ಲಿ ಬನ್ನಿನ ಅಗಲ 12 ಮಿ.ಮೀ.ಗಿಂತ ಕಡಿಮೆ ಬೇಡ. ಅಲ್ಲಿ ಸೀಳು 1 ಮಿ.ಮೀ. ಸೀಲಿಗೆ ಕನಿಷ್ಠ 18 ಮಿ.ಮೀ., ಸೀಳು 1.5 ಮಿ.ಮೀ., ಏಕೆಂದರೆ ಪ್ಯಾಡಿನ ಮಸಿ ಹೆಚ್ಚಾದಾಗ ಮೊದಲು ಮುಚ್ಚಿಹೋಗುವುದು ಸೀಳೇ. ಸ್ಕ್ರೀನಿನಲ್ಲಿ 24 ಪಿಕ್ಸೆಲ್‌ವರೆಗೆ ಇದೇ ಚಿತ್ರ. 16 ಪಿಕ್ಸೆಲ್ಲಿಗೆ ಇಳಿಸಿದರೆ ಸೀಳು 1.33 ಪಿಕ್ಸೆಲ್ ಆಗಿ ಮಸುಕಾಗುತ್ತದೆ. ಅದಕ್ಕೆ ಸೀಳನ್ನು ಸರಿಯಾಗಿ 2 ಪಿಕ್ಸೆಲ್ ಇಟ್ಟು ಬೇರೆ ಚಿತ್ರ ಬರೆದಿದ್ದೇವೆ, ಅಕ್ಷರವಿಲ್ಲದೆ. ಸುತ್ತಲೂ 4 ಮನೆ ಖಾಲಿ ಜಾಗ ಎಲ್ಲ ಕಡೆಯೂ ಕಡ್ಡಾಯ. ಫೋನ್ ನಂಬರು, ಎಫ್‌ಎಸ್‌ಎಸ್‌ಎಐ ಸಂಖ್ಯೆ ಅದರೊಳಗೆ ಬರಬಾರದು.

ಕೇಕಿನ ಮೇಲೆ ಕೊಕೊ ಪುಡಿ ಉದುರಿಸಲು ಇದನ್ನೇ ಕೊರೆದ ಹಾಳೆ ಮಾಡಿಕೊಳ್ಳಬಹುದು. ಸೀಳಿನ ಜಾಗ ಅಲ್ಲಿ ಉದ್ದನೆಯ ನಾಲಿಗೆಯಾಗಿ ಉಳಿಯುತ್ತದೆ. ತೆಳು ಹಾಳೆಯಾದರೆ ನಾಲಿಗೆ ಮೇಲೆದ್ದು ಅಡಿಗೆ ಪುಡಿ ನುಗ್ಗುತ್ತದೆ. ಗಟ್ಟಿ ಪ್ಲಾಸ್ಟಿಕ್ ಹಾಳೆ ತೆಗೆದುಕೊಂಡು, ಉದುರಿಸುವಾಗ ನಾಲಿಗೆಯ ಎಡತುದಿಯನ್ನು ಕಡ್ಡಿಯಿಂದ ಒತ್ತಿ ಹಿಡಿಯಿರಿ.

ಒಪ್ಪಿಗೆಗೆ ಮುಂಚೆ 18 ಮಿ.ಮೀ. ಸೀಲು ಒಂದನ್ನು ಮಾಡಿಸಿ, ನಿಮ್ಮ ಡಬ್ಬಿಯ ಮೇಲೇ ಐವತ್ತು ಸಲ ಒತ್ತಿಸಿ. ಐವತ್ತನೆಯದರಲ್ಲೂ ಸೀಳು ತೆರೆದಿದ್ದರೆ ಬೋರ್ಡಿಗೆ ಆರ್ಡರ್ ಕೊಡಿ. ಮುಚ್ಚಿದ್ದರೆ ಸೀಲಿನ ಚಿತ್ರದಲ್ಲಿ ಮಾತ್ರ ಸೀಳನ್ನು ಎರಡೂವರೆ ಮನೆ ಮಾಡಿಕೊಡುತ್ತೇವೆ.